ಕೀಲಿಕೈ ಹಿಡಿದವನು ಭಂಡಾರದ ಒಡೆಯನಲ್ಲ

(ಮಠದ ಮಾಸಿಕ ಶರಣ ಸಂಗಮದಲ್ಲಿ ನಿವೃತ್ತ ನೌಕರರು ಮತ್ತು ಅವರ ಕುಟುಂಬದವರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ನಾನು ವಕೀಲನಲ್ಲ. ಸರ್ಕಾರದಲ್ಲಿ ಎಂಜಿನಿಯರಾಗಿ ಕೆಲಸ ಮಾಡಿ ನಿವೃತ್ತನಾದವನು. ಇಂದು ಹೇಳುವ ವಿಷಯವನ್ನು ಓದಿ ಕಲಿತದ್ದಕ್ಕಿಂತ ಒಂದು ಮನೆಯ ಜಗಳದ ನಡುವೆ ಕುಳಿತು ಕಲಿತದ್ದು ಹೆಚ್ಚು. ಆ ಜಗಳದಲ್ಲಿ ನನ್ನ ತಪ್ಪೂ ಸ್ವಲ್ಪ ಇತ್ತು. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗೆಳೆಯರು 2014ರಲ್ಲಿ ನಿವೃತ್ತರಾದರು. ಭವಿಷ್ಯ ನಿಧಿ, ಗ್ರಾಚ್ಯುಟಿ, ಪಿಂಚಣಿಯ ಕಮ್ಯುಟೇಶನ್ ಎಲ್ಲ ಸೇರಿ ಬಂದ ಹಣದಲ್ಲಿ 15 ಲಕ್ಷ ರೂಪಾಯಿಯನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು, ಇನ್ನು 15 ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಎರಡು ಕಡೆಗೂ ಜೊತೆಗೆ ಹೋದವನು ನಾನು. ಅವರು ಕನ್ನಡಕ ಮರೆತು ಬಂದಿದ್ದರು, ಹಾಗಾಗಿ ಅರ್ಜಿ ತುಂಬಿದ ಕೈಯೂ ನನ್ನದೇ. ನಾಮಿನಿ ಎಂಬ ಸಾಲಿಗೆ ಬಂದಾಗ, "ಯಾರ ಹೆಸರು ಬರೀಲಿ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. "ಹಿರಿಯಾವಂದು ಬರೀರಿ ಬಿಡ್ರಿ, ಊರಾಗ ಇರ್ತಾನ, ಓಡಾಡೋದು ಅಂವಗ ಗೊತ್ತಾಗ್ತದ" ಎಂದೆ ನಾನೇ. ಅವರು ತಲೆಯಾಡಿಸಿದರು. ಎರಡು ಅರ್ಜಿಗೂ ಅದೇ ಹೆಸರು ಬಿತ್ತು. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಕೆಲವು ವರ್ಷಗಳ ನಂತರ ಅವರು ಲಿಂಗೈಕ್ಯರಾದರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ಮಗಳು, ಹಳ್ಳಿಯಲ್ಲಿ ತೊಂಬತ್ತು ದಾಟಿದ ತಾಯಿ ಉಳಿದರು. ಉಯಿಲು ಬರೆದಿರಲಿಲ್ಲ. ಹಿರಿಯ ಮಗ ಮರಣ ಪ್ರಮಾಣ ಪತ್ರ, ತನ್ನ ಗುರುತಿನ ದಾಖಲೆ ಕೊಟ್ಟು ಎರಡೂ ಕಡೆಯ ಹಣವನ್ನು ಪಡೆದ. ಶಿವಗಣಾರಾಧನೆ ಮುಗಿದ ತಿಂಗಳೊಪ್ಪತ್ತಿನಲ್ಲಿ ಮಗಳು ಕೇಳಿದಳು, "ಅಣ್ಣಾ, ಅಪ್ಪಾರ ರೊಕ್ಕದ ಲೆಕ್ಕ ಏನಾತು?" ಅವನು ಕೊಟ್ಟ ಉತ್ತರ ಇದು: "ಅಪ್ಪ ನನ್ನ ಹೆಸರಿಗೆ ಬರಿಸ್ಯಾನ. ಬರಿಸಿದ ಮ್ಯಾಲೆ ಅದು ನಂದು. ಬ್ಯಾಂಕಿನವರೂ ಅದಕ್ಕ ನನಗ ಕೊಟ್ಟಾರ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ನಿಜವೆಂದು ನಂಬಿದ್ದ. ಈ ಸಭೆಯಲ್ಲಿ ಕೈ ಎತ್ತಿಸಿದರೆ ನಮ್ಮಲ್ಲೂ ಅರ್ಧದಷ್ಟು ಜನ ಹಾಗೆಯೇ ನಂಬಿರಬಹುದು. ಆದರೆ ಕಾನೂನು ಹಾಗೆ ಹೇಳುವುದಿಲ್ಲ.

ನಾಮಿನಿ ಎಂದರೆ ಯಾರು? ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕೆಂದರೆ, ನಾಮಿನಿ ಒಬ್ಬ ಭಂಡಾರಿ. ನಮ್ಮ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಕೀಲಿಕೈ ಅವರ ಕೈಯಲ್ಲಿತ್ತು, ಆದರೆ ಭಂಡಾರ ಅವರದಾಗಿರಲಿಲ್ಲ. ಒಂದೊಂದು ಹಣಕ್ಕೂ ಲೆಕ್ಕ ಒಪ್ಪಿಸಬೇಕಾದ ಹೊಣೆ ಅವರ ಮೇಲಿತ್ತು. ನಾಮಿನಿಯ ಸ್ಥಾನವೂ ಅದೇ. ಖಾತೆದಾರ ತೀರಿಕೊಂಡ ದಿನ ಬ್ಯಾಂಕಿಗೆ ಒಂದು ತೊಂದರೆ ಎದುರಾಗುತ್ತದೆ: ಈ ಹಣವನ್ನು ಯಾರ ಕೈಗೆ ಕೊಟ್ಟರೆ ತನ್ನ ಜವಾಬ್ದಾರಿ ಮುಗಿಯುತ್ತದೆ? ಮನೆಯವರಲ್ಲಿ ಯಾರಿಗೆ ಎಷ್ಟು ಹಕ್ಕು ಎಂದು ತೀರ್ಮಾನಿಸುತ್ತ ಕೂರುವುದು ಬ್ಯಾಂಕಿನ ಕೆಲಸವಲ್ಲ. ಅದಕ್ಕಾಗಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಲ್ಲಿ ನಾಮಿನಿಯ ವ್ಯವಸ್ಥೆ ಮಾಡಿದ್ದಾರೆ. ನಾಮಿನಿಯ ಕೈಗೆ ಹಣ ಕೊಟ್ಟ ಕೂಡಲೇ ಬ್ಯಾಂಕು ಬಿಡುಗಡೆ ಹೊಂದುತ್ತದೆ. ಬಿಡುಗಡೆ ಸಿಗುವುದು ಬ್ಯಾಂಕಿಗೆ, ನಾಮಿನಿಗಲ್ಲ. ಅವನು ಆ ಹಣವನ್ನು ವಾರಸುದಾರರ ಪರವಾಗಿ ಹಿಡಿದುಕೊಂಡಿರುತ್ತಾನೆ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಟ್ಟ ಸೂಚನೆಯಲ್ಲೂ ನಾಮಿನಿಯು ವಾರಸುದಾರರ ಟ್ರಸ್ಟಿಯಾಗಿ ಹಣ ಪಡೆಯುತ್ತಾನೆ ಎಂಬ ಮಾತಿದೆ.

ಸುಪ್ರೀಂ ಕೋರ್ಟು ಇದನ್ನು ಒಂದೊಂದು ಬಗೆಯ ಖಾತೆಯ ವಿಷಯದಲ್ಲೂ ಬೇರೆ ಬೇರೆಯಾಗಿ ಹೇಳುತ್ತ ಬಂದಿದೆ. 1984ರಲ್ಲಿ ಜೀವವಿಮೆಯ ಬಗ್ಗೆ, 2000ದಲ್ಲಿ ರಾಷ್ಟ್ರೀಯ ಉಳಿತಾಯ ಪತ್ರದ ಬಗ್ಗೆ, 2010ರಲ್ಲಿ ಬ್ಯಾಂಕ್ ಖಾತೆಯ ಬಗ್ಗೆ ತೀರ್ಪು ಬಂತು. ನೌಕರರಾದ ನಮಗೆ ಹೆಚ್ಚು ಸಂಬಂಧಿಸಿದ್ದು 2009ರ ತೀರ್ಪು. ಬ್ಯಾಂಕ್ ನೌಕರನೊಬ್ಬ ಮದುವೆಗೆ ಮೊದಲು ಭವಿಷ್ಯ ನಿಧಿಗೆ ತಾಯಿಯ ಹೆಸರು ಕೊಟ್ಟಿದ್ದ. ಮದುವೆಯಾದ ಮೇಲೆ ಅದನ್ನು ಬದಲಿಸಲಿಲ್ಲ. ಸೇವೆಯಲ್ಲಿರುವಾಗಲೇ ತೀರಿಕೊಂಡ. ತಾಯಿಯ ಕಡೆಯವರು ಪೂರ್ತಿ ಹಣ ತಮ್ಮದೆಂದರು. ನಾಮಿನಿಯಾದ ಮಾತ್ರಕ್ಕೆ ಹೆಂಡತಿಯ ಹಕ್ಕು ಹೋಗುವುದಿಲ್ಲ, ಆಕೆಗೆ ಅರ್ಧ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು.

ಇನ್ನು ವಾರಸುದಾರರು ಯಾರು ಎಂಬ ಪ್ರಶ್ನೆ. ನಾವು ಸ್ವತಂತ್ರ ಧರ್ಮದವರೆಂಬ ಚಳವಳಿಯ ವೇದಿಕೆ ಇದು, ಆ ವಾದದ ಬಗ್ಗೆ ಇಲ್ಲಿ ಬೇರೆ ಹೇಳಬೇಕಾಗಿಲ್ಲ. ಆದರೆ ಇಂದಿನ ದಿನ ನಮ್ಮ ಆಸ್ತಿ ಹಂಚಿಕೆಯಾಗುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಅದರ ಎರಡನೆಯ ಸೆಕ್ಷನ್ನಿನಲ್ಲಿ ವೀರಶೈವ, ಲಿಂಗಾಯತ ಎಂಬ ಎರಡೂ ಹೆಸರನ್ನು ಬರೆದೇ ಇಟ್ಟಿದ್ದಾರೆ. ಹಾಗಾಗಿ ಉಯಿಲಿಲ್ಲದೆ ಲಿಂಗೈಕ್ಯನಾದ ಲಿಂಗಾಯತ ಗಂಡಸಿನ ಸ್ವಂತ ದುಡಿಮೆಯ ಹಣವು ಮೊದಲು ಆ ಕಾಯ್ದೆಯ ಒಂದನೇ ವರ್ಗದ ವಾರಸುದಾರರಿಗೆ ಹೋಗುತ್ತದೆ. ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ, ತಾಯಿ, ಮೊದಲೇ ತೀರಿಕೊಂಡ ಮಕ್ಕಳಿದ್ದರೆ ಅವರ ಕುಟುಂಬ ಈ ವರ್ಗದಲ್ಲಿ ಬರುತ್ತಾರೆ. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮಗಳ ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ತಾಯಿಗೆ ಮಗನ ಹಣದಲ್ಲಿ ಮಕ್ಕಳಷ್ಟೇ ಪಾಲಿದೆ. ತಂದೆ ಮಾತ್ರ ಒಂದನೇ ವರ್ಗದಲ್ಲಿಲ್ಲ, ಎರಡನೇ ವರ್ಗದಲ್ಲಿದ್ದಾನೆ.

ಈಗ ನನ್ನ ಗೆಳೆಯರ ಲೆಕ್ಕಕ್ಕೆ ಬರೋಣ. ಬಡ್ಡಿಯನ್ನು ಬದಿಗಿಟ್ಟರೆ ಇರುವುದು 30 ಲಕ್ಷ. ವಾರಸುದಾರರು ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಐದು ಸಮಪಾಲು, ತಲೆಗೆ 6 ಲಕ್ಷ. ಹಿರಿಯ ಮಗ 30 ಲಕ್ಷ ಕೈಗೆ ತೆಗೆದುಕೊಂಡಿದ್ದರೂ ಅವನದೆಂದು ಹೇಳಬಹುದಾದದ್ದು 6 ಲಕ್ಷ ಮಾತ್ರ. ಉಳಿದ 24 ಲಕ್ಷಕ್ಕೆ ಅವನು ಭಂಡಾರಿ.

ಮಗಳು ಕೇಳಿದಾಗಲೇ ಲೆಕ್ಕ ಮಾಡಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಮಾಡಲಿಲ್ಲ. ಹಿರಿಯ ಮಗ ಒಂದಿಷ್ಟು ಹಣವನ್ನು ಮನೆಯ ಮೇಲಂತಸ್ತಿಗೆ ಹಾಕಿದ. ಅಷ್ಟರಲ್ಲಿ ಒಂದು ವರ್ಷ ಕಳೆದು ಹಳ್ಳಿಯಲ್ಲಿದ್ದ ಅಜ್ಜಿಯೂ ಲಿಂಗೈಕ್ಯರಾದರು. ಜಗಳ ನಿಜವಾಗಿ ಬೆಳೆದದ್ದು ಆಗ. ಏಕೆಂದರೆ ಮಗ ತೀರಿಕೊಂಡ ಕ್ಷಣವೇ ಅಜ್ಜಿಯ 6 ಲಕ್ಷ ಅಜ್ಜಿಯದಾಗಿತ್ತು. ಆಕೆ ಅದನ್ನು ಕಣ್ಣಿಂದ ನೋಡಲಿಲ್ಲ, ಕೇಳಲೂ ಇಲ್ಲ. ಆದರೆ ಕೇಳಲಿಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಅಜ್ಜಿ ತೀರಿಕೊಂಡಾಗ ಆ 6 ಲಕ್ಷ ಅಜ್ಜಿಯ ವಾರಸುದಾರರಿಗೆ ಹೋಯಿತು. ಅಜ್ಜಿಗೆ ಮೂವರು ಮಕ್ಕಳು: ನನ್ನ ಗೆಳೆಯರು, ಅವರ ತಮ್ಮ, ಅವರ ತಂಗಿ. ತಮ್ಮನಿಗೆ 2 ಲಕ್ಷ, ತಂಗಿಗೆ 2 ಲಕ್ಷ. ಗೆಳೆಯರು ಮೊದಲೇ ಹೋಗಿದ್ದರಿಂದ ಅವರ ಪಾಲಿನ 2 ಲಕ್ಷ ಅವರ ಮೂವರು ಮಕ್ಕಳಿಗೆ, ಒಬ್ಬೊಬ್ಬರಿಗೆ 66 ಸಾವಿರ ಚಿಲ್ಲರೆ. ಇದರಲ್ಲಿ ಸೊಸೆಗೆ, ಅಂದರೆ ಗೆಳೆಯರ ಹೆಂಡತಿಗೆ, ಪಾಲಿಲ್ಲ.

ಹೀಗೆ ಐದು ಜನರ ನಡುವಿನ ಮಾತಿನೊಳಗೆ ಕಾಕಾ, ಅತ್ತೆ ಇಬ್ಬರೂ ಬಂದರು. "ಅಪ್ಪನ ರೊಕ್ಕದಾಗ ಕಾಕಾಂದೇನು?" ಎಂದು ಮಕ್ಕಳು ಸಿಟ್ಟಾದರು. "ನಮ್ಮವ್ವನ ಪಾಲು ನಾವು ಕೇಳಿದ್ರ ತಪ್ಪೇನು?" ಎಂದು ಕಾಕಾ ಸಿಟ್ಟಾದ. ಇಬ್ಬರ ಮಾತಿಗೂ ಕಾರಣವಿತ್ತು. ಹೆಚ್ಚಿನ ಮನೆಗಳಲ್ಲಿ ವ್ಯಾಜ್ಯ ಹುಟ್ಟುವ ರೀತಿ ಇದೇ ಎಂದು ನನಗನಿಸಿದೆ. ಒಬ್ಬ ಅರ್ಜಿಯನ್ನು ನೋಡಿ ಮಾತಾಡುತ್ತಾನೆ, ಇನ್ನೊಬ್ಬ ಕಾಯ್ದೆಯನ್ನು ನೋಡಿ ಮಾತಾಡುತ್ತಾನೆ. ಎರಡರ ನಡುವೆ ಹಣ ಮಾತ್ರ ಒಬ್ಬನ ಕೈಯಲ್ಲಿರುತ್ತದೆ. ಕಾಲ ಹೋದಷ್ಟೂ ಪಾಲುಗಾರರ ಸಂಖ್ಯೆ ಹೆಚ್ಚುತ್ತದೆ, ಕೈಯಲ್ಲಿರುವ ಹಣ ಕರಗುತ್ತದೆ.

ಹಾಗಾದರೆ ಹಕ್ಕಿದ್ದವರು ಏನು ಮಾಡಬೇಕು? ಬ್ಯಾಂಕಿಗೆ ಹೋಗಿ "ಅವನಿಗೆ ಕೊಡಬೇಡಿ" ಎಂದು ಅರ್ಜಿ ಕೊಟ್ಟರೆ ಸಾಲದು. ನ್ಯಾಯಾಲಯದ ತಡೆಯಾಜ್ಞೆ ಇಲ್ಲದಿದ್ದರೆ ಬ್ಯಾಂಕು ನಾಮಿನಿಗೆ ಕೊಡುತ್ತದೆ, ಹಾಗೆ ಕೊಟ್ಟದ್ದು ತಪ್ಪಲ್ಲ. ಕೊಟ್ಟ ಮೇಲೆ ಬ್ಯಾಂಕಿನ ಬಾಗಿಲಿಗೆ ಅಲೆದು ಪ್ರಯೋಜನವಿಲ್ಲ. ನಾಮಿನಿಯಿಂದ ಪಾಲು ಕೇಳಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ನಾಮಿನಿಯೇ ಇಲ್ಲದ ಖಾತೆಯಾದರೆ ಕಥೆ ಬೇರೆ. ಅಲ್ಲಿ ದೊಡ್ಡ ಮೊತ್ತಕ್ಕೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣ ಪತ್ರ ಕೇಳಬಹುದು. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಅದಕ್ಕೆ ಸಮವಲ್ಲ. ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ವಂಶವೃಕ್ಷ ತೋರಿಸುತ್ತದೆ, ಯಾರಿಗೆ ಎಷ್ಟು ಎಂದು ಅದು ತೀರ್ಮಾನಿಸುವುದಿಲ್ಲ. ಆದ್ದರಿಂದ ನಾಮಿನಿಯನ್ನು ಹೆಸರಿಸುವುದೇ ಬೇಡ ಎಂದು ಯಾರೂ ತಿಳಿಯಬೇಡಿ. ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ, ಆಸ್ಪತ್ರೆಯ ಬಿಲ್ಲು ತೀರುತ್ತದೆ. ಅವನಿಂದ ಆಗುವ ಉಪಕಾರ ಅಷ್ಟು. ಅದಕ್ಕಿಂತ ಹೆಚ್ಚಿನ ಅಧಿಕಾರ ಅವನಿಗಿದೆ ಎಂದುಕೊಂಡಾಗಲೇ ತೊಂದರೆ.

ಎಲ್ಲ ಹಣಕ್ಕೂ ಇದೇ ನಿಯಮವೇ ಎಂದು ಕೇಳಬಹುದು. ಎರಡು ಕಡೆ ಸ್ವಲ್ಪ ಭೇದವಿದೆ.

ಮೊದಲನೆಯದು ಕುಟುಂಬ ಪಿಂಚಣಿ. ಇದು ತೀರಿಕೊಂಡವರ ಆಸ್ತಿಯೇ ಅಲ್ಲ. ನಿಯಮದಲ್ಲಿ ಹೇಳಿದ ಕ್ರಮದಂತೆ, ಮೊದಲು ಹೆಂಡತಿ ಅಥವಾ ಗಂಡ, ಆಮೇಲೆ ಅರ್ಹ ಮಕ್ಕಳು, ಹೀಗೆ ಸಲ್ಲುತ್ತದೆ. ಅದನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆದರೂ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಹಾಗಾಗಿ ನನ್ನ ಗೆಳೆಯರ ಹೆಂಡತಿಗೆ ಪಿಂಚಣಿ ತಪ್ಪಲಿಲ್ಲ. ಆ ಮನೆಯಲ್ಲಿ ಆಕೆ ಮಗನ ಮುಂದೆ ಕೈಚಾಚದೆ ಉಳಿದದ್ದು ಅದೊಂದರಿಂದ.

ಎರಡನೆಯದು ಜೀವವಿಮೆ. 2015ರ ತಿದ್ದುಪಡಿಯಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಅವರೇ ಆ ಹಣದ ಫಲಾನುಭವಿಗಳು ಎಂದು ಬರೆದರು. ಇದನ್ನು ಓದಿದವರು ವಿಮೆಯ ಹಣದಲ್ಲಿ ನಾಮಿನಿಯೇ ಮಾಲೀಕ ಎಂದುಕೊಂಡರು. ಆದರೆ ನಮ್ಮ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದೇ ಒಂದು ಪ್ರಕರಣ ಬಂತು. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ಮಗ, ಅದನ್ನು ಬದಲಿಸದೆ ತೀರಿಕೊಂಡಿದ್ದ. 2025ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯವು, ವಾರಸುದಾರರು ಹಕ್ಕು ಕೇಳಿ ಬಂದರೆ ಆ ತಿದ್ದುಪಡಿಯು ಉತ್ತರಾಧಿಕಾರ ಕಾಯ್ದೆಯನ್ನು ಮೀರುವುದಿಲ್ಲ ಎಂದು ಹೇಳಿ ತಾಯಿ, ಹೆಂಡತಿ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು ಕೊಟ್ಟಿತು. ಅಂದರೆ ವಿಮೆಯಲ್ಲೂ ನಾಮಿನಿಯ ಹೆಸರೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಇನ್ನೊಂದು ಹೊಸ ಸಂಗತಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಒಬ್ಬೊಬ್ಬರಿಗೆ ಶೇಕಡಾ ಇಷ್ಟಿಷ್ಟು ಎಂದೂ ಬರೆಯಬಹುದು. ಇದು ಒಳ್ಳೆಯದೇ. ಆದರೆ ಇದನ್ನೇ ಉಯಿಲು ಎಂದು ತಿಳಿಯುವವರು ಇನ್ನು ಹೆಚ್ಚಾಗುತ್ತಾರೆ ಎಂಬ ಭಯ ನನಗಿದೆ. ನಾಲ್ಕು ಜನ ಭಂಡಾರಿಗಳಾದರೂ ಭಂಡಾರಿಗಳೇ.

ಇಲ್ಲಿ ಕುಳಿತ ಶರಣೆಯರಿಗೆ ಒಂದು ಮಾತು. ನಮ್ಮ ಶರಣರು ಹೆಣ್ಣಿಗೂ ಗಂಡಿಗೂ ಕಾಯಕದಲ್ಲಿ ಭೇದ ಮಾಡಲಿಲ್ಲ. ಆದರೆ ಈ ಕಾಯ್ದೆ ಹೆಣ್ಣಿನ ದುಡಿಮೆಯ ಹಣದಲ್ಲಿ ಭೇದ ಮಾಡುತ್ತದೆ. ಮಕ್ಕಳಿಲ್ಲದ ವಿಧವೆ ಶಿಕ್ಷಕಿಯೊಬ್ಬಳು ತವರಿನಲ್ಲಿ ಇದ್ದು, ಮೂವತ್ತು ವರ್ಷ ದುಡಿದು, ತಮ್ಮನನ್ನು ನಾಮಿನಿ ಮಾಡಿ ಉಯಿಲಿಲ್ಲದೆ ತೀರಿಕೊಂಡರೆ, ಆಕೆಯ ಸ್ವಂತ ಸಂಪಾದನೆ ಮೊದಲು ಹೋಗುವುದು ತೀರಿಹೋದ ಗಂಡನ ವಾರಸುದಾರರಿಗೆ. ಅವರಾರೂ ಇಲ್ಲದಿದ್ದರೆ ಮಾತ್ರ ತಂದೆತಾಯಿಗೆ, ಆಮೇಲೆ ತಂದೆಯ ಕಡೆಯವರಿಗೆ. ಕೊನೆಗಾಲದಲ್ಲಿ ನೋಡಿಕೊಂಡವರು ಯಾರು ಎಂದು ಕಾಯ್ದೆ ಕೇಳುವುದಿಲ್ಲ. ಗಂಡನ ಕಡೆಯವರು ಆಕೆಯನ್ನು ಮನೆಯಿಂದ ಹೊರಗೆ ಹಾಕಿದ್ದ ಪ್ರಕರಣದಲ್ಲೂ ಸುಪ್ರೀಂ ಕೋರ್ಟು 2009ರಲ್ಲಿ ಇದೇ ಕ್ರಮವನ್ನು ಪಾಲಿಸಬೇಕಾಯಿತು. ಇಂಥ ತಾಯಂದಿರಿಗೆ ಉಯಿಲು ಒಂದೇ ದಾರಿ.

ಉಯಿಲು ಎಂದ ಕೂಡಲೇ ನಮ್ಮ ಜನ ಹಿಂಜರಿಯುತ್ತಾರೆ. ಬರೆದರೆ ಸಾವು ಬಂದೀತು ಎಂಬ ಅಂಜಿಕೆ ಒಂದು, ಖರ್ಚು ಎಂಬ ಅಂಜಿಕೆ ಇನ್ನೊಂದು. ಮರಣವೇ ಮಹಾನವಮಿ ಎಂದು ತಿಳಿದವರು ನಾವು, ಮೊದಲನೆಯ ಅಂಜಿಕೆ ನಮಗೆ ಒಪ್ಪುವುದಿಲ್ಲ. ಎರಡನೆಯದಕ್ಕೆ ಆಧಾರವಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆದವರು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಅದನ್ನು ಕಂಡು ತಾವೂ ಸಹಿ ಮಾಡಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡದಿದ್ದರೆ ಮುಂದೆ ಸಂಶಯಕ್ಕೆ ಎಡೆಯಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಇದು ಅವರದೇ ಸಹಿಯೇ ಎಂಬ ತಕರಾರು ಕಡಿಮೆಯಾಗುತ್ತದೆ. ಅದರಲ್ಲಿ ಒಂದೊಂದು ಠೇವಣಿಯನ್ನೂ ಬ್ಯಾಂಕಿನ ಹೆಸರು, ಖಾತೆಯ ಸಂಖ್ಯೆಯೊಂದಿಗೆ ಬರೆಯಿರಿ. ಯಾರಿಗೆ ಕೊಡುತ್ತೀರಿ ಎಂದು ಬರೆಯಿರಿ. ತಾಯಿ ಬದುಕಿದ್ದರೆ ಆಕೆಯ ಬಗ್ಗೆ ಏನು ವ್ಯವಸ್ಥೆ ಎಂಬುದನ್ನು ಮರೆಯದೆ ಬರೆಯಿರಿ. ಯಾವ ಮಗ ಅಥವಾ ಮಗಳಿಗೆ ಕಡಿಮೆ ಕೊಟ್ಟಿದ್ದೀರೋ ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಗೊತ್ತಾದರೆ ಎಷ್ಟೋ ಮಕ್ಕಳು ಒಪ್ಪುತ್ತಾರೆ.

ಅದಾದ ಮೇಲೆ ನಿಮ್ಮ ಪಾಸ್‌ಬುಕ್, ಠೇವಣಿ ರಸೀದಿ, ವಿಮೆ ಪಾಲಿಸಿ ಎಲ್ಲ ಹೊರಗೆ ತೆಗೆಯಿರಿ. ಇನ್ನೂ ಸೇವೆಯಲ್ಲಿದ್ದರೆ ಸೇವಾ ಪುಸ್ತಕದಲ್ಲಿ ಅಂಟಿಸಿದ ನಾಮನಿರ್ದೇಶನವನ್ನೂ ನೋಡಿ. ಕೆಲಸಕ್ಕೆ ಸೇರಿದ ದಿನ, ಮದುವೆಗೆ ಮೊದಲು ಕೊಟ್ಟ ಹೆಸರೇ ಅಲ್ಲಿ ಉಳಿದಿರಬಹುದು. ಖಾಸಗಿ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳಿದ್ದರೆ ಅವರಿಗೂ ಹೇಳಿ. ಕುಟುಂಬ ಇಲ್ಲದಿದ್ದಾಗ ನೌಕರರ ಭವಿಷ್ಯ ನಿಧಿಗೆ ಮಾಡಿದ ನಾಮನಿರ್ದೇಶನವು ಮುಂದೆ ಕುಟುಂಬ ಆದ ಕೂಡಲೇ ಅಸಿಂಧುವಾಗುತ್ತದೆ ಎಂದು ಆ ಯೋಜನೆಯಲ್ಲೇ ಬರೆದಿದೆ. ಮದುವೆಯಾದ ಮೇಲೆ ಹೊಸದು ಕೊಡಲೇಬೇಕು. ಉಯಿಲಿನಲ್ಲಿ ಯಾರ ಹೆಸರಿದೆಯೋ ಖಾತೆಯಲ್ಲೂ ಅವರೇ ನಾಮಿನಿಯಾಗಿದ್ದರೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಕೊನೆಗೆ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು, "ನಾಮಿನಿ ಇವನು, ಆದರೆ ಹಣ ಇವರಿವರದು" ಎಂದು ಬಾಯಿಬಿಟ್ಟು ಹೇಳಿ.

ನನ್ನ ಗೆಳೆಯರ ಮನೆಯದು ಏನಾಯಿತು ಎಂದು ಕೇಳುತ್ತೀರಿ. ಮಗಳು ವಕೀಲರ ನೋಟಿಸು ಕಳಿಸಿದಳು. ನ್ಯಾಯಾಲಯಕ್ಕೆ ಹೋಗುವ ಮೊದಲು ಹಿರಿಯರು ಕೂರಿಸಿದರು, ನಾನೂ ಕುಳಿತೆ. ಆ ಅರ್ಜಿ ತುಂಬಿದವನು ನಾನೇ, ನಿನ್ನ ಹೆಸರು ಬರೆದದ್ದು ಓಡಾಡಲು ಅನುಕೂಲವಾಗಲಿ ಎಂದು, ಎಲ್ಲ ನಿನಗೇ ಇರಲಿ ಎಂದು ನಿಮ್ಮಪ್ಪ ಹೇಳಿರಲಿಲ್ಲ ಎಂದು ಆ ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ತಾಯಿಯ, ತಮ್ಮನ, ತಂಗಿಯ ಪಾಲನ್ನು ಕಂತಿನಲ್ಲಿ ಕೊಡಲು ಒಪ್ಪಿದ. ಕಾಕಾ ಮತ್ತು ಅತ್ತೆ ತಮ್ಮ ಪಾಲನ್ನು ಬಿಟ್ಟುಕೊಟ್ಟು ಸಹಿ ಮಾಡಿದರು. ಎಲ್ಲವೂ ಕಾಗದದ ಮೇಲೆ ಬಂತು, ಎಲ್ಲರ ರುಜು ಬಿತ್ತು. ಲೆಕ್ಕ ತೀರಿತು. ಆದರೆ ಮಗಳು ಪಂಚಮಿಗೆ ತವರಿಗೆ ಬರುವುದು ಈಗಲೂ ನಿಂತೇ ಇದೆ. ಅದನ್ನು ಯಾವ ಹಿರಿಯರಿಂದಲೂ ಕೊಡಿಸಲಾಗಲಿಲ್ಲ.

ಅಂದು ಆ ಕೌಂಟರಿನ ಮುಂದೆ ನಿಂತು, "ಇದರ ಜೊತೆಗೆ ಒಂದು ಹಾಳೆ ಉಯಿಲು ಬರೆದಿಡ್ರಿ" ಎಂದು ನಾನು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ನಿಮಗೆ ಹೇಳಿದ್ದೇನೆ.